ಜೀನ್ಸ್ ಘಟಕಕ್ಕೆ ಲೇಸರ್ ಯಂತ್ರ: ಲೀಸೋ, ಖರೀದಿಯೋ? ತೆರಿಗೆ ಕಳೆದು ಲೆಕ್ಕ ಹಾಕುವ ಬಗೆ

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಪ್ಯಾಂಟಿನ ತೊಡೆಯ ಭಾಗವನ್ನು ಮಸುಕುಗೊಳಿಸುವುದಕ್ಕೆ ಕೈಯಿಂದ ಮರಳು ಕಾಗದ ಉಜ್ಜುವ ಕೆಲಸವನ್ನು ಲೇಸರ್ ಯಂತ್ರವು ಕೆಲವೇ ನಿಮಿಷಗಳಲ್ಲಿ ಮಾಡಿ ಮುಗಿಸುತ್ತದೆ. ಅಂಥ ಯಂತ್ರ ಬೇಕೆಂದು ತೀರ್ಮಾನಿಸಿದ ಮಾಲೀಕನ ಮುಂದೆ ಎರಡು ದಾರಿಗಳಿರುತ್ತವೆ. ಬ್ಯಾಂಕಿನ ಸಾಲ ಪಡೆದು ಕೊಳ್ಳಬಹುದು, ಇಲ್ಲವೇ ಲೀಸ್ ಕಂಪನಿಯಿಂದ ತಿಂಗಳ ಬಾಡಿಗೆಗೆ ತರಬಹುದು. ಈ ಲೇಖನವು ಆ ಎರಡರಲ್ಲಿ ಯಾವುದು ಅಗ್ಗ ಎಂಬ ಒಂದೇ ಪ್ರಶ್ನೆಗೆ ಸೀಮಿತವಾಗಿದೆ. ಯಂತ್ರವೇ ಬೇಕೋ ಬೇಡವೋ ಎಂಬುದು ಬೇರೆ ಲೆಕ್ಕ. ಅದನ್ನು ಮೊದಲೇ ಮುಗಿಸಿಕೊಂಡಿರಬೇಕು. ಎರಡನ್ನೂ ಒಟ್ಟಿಗೆ ಬೆರೆಸಿದರೆ, ಯಂತ್ರದಿಂದ ಬರುವ ಲಾಭವು ಲೀಸಿನ ದುಬಾರಿತನವನ್ನು ಮುಚ್ಚಿಹಾಕುತ್ತದೆ.

ಉದಾಹರಣೆಗೆ ಅಣ್ಣತಮ್ಮಂದಿರಿಬ್ಬರ ಒಂದು ಪಾಲುದಾರಿಕೆ ಸಂಸ್ಥೆಯನ್ನು ಕಲ್ಪಿಸಿಕೊಳ್ಳೋಣ. ಯಂತ್ರದ ಬೆಲೆ ಜಿಎಸ್‌ಟಿ ಬಿಟ್ಟು 20,00,000 ರೂಪಾಯಿ. ಬ್ಯಾಂಕು ಶೇ. 11.5ರ ಬಡ್ಡಿಗೆ ಐದು ವರ್ಷಗಳ ಸಾಲ ಕೊಡುತ್ತದೆ. ಪೂರ್ತಿ ಬೆಲೆಗೆ ಸಾಲ ಸಿಕ್ಕರೆ ತಿಂಗಳ ಕಂತು 43,985 ರೂಪಾಯಿ ಆಗುತ್ತದೆ. ಲೀಸ್ ಕಂಪನಿ ಐದು ವರ್ಷಕ್ಕೆ ತಿಂಗಳಿಗೆ 43,000 ರೂಪಾಯಿ ಕೇಳುತ್ತದೆ, ಸರ್ವಿಸ್ ಖರ್ಚು ಅದರದೇ. ಕೊಂಡರೆ ಮೊದಲ ವರ್ಷ ವಾರಂಟಿ ಇರುತ್ತದೆ. ಎರಡನೆಯ ವರ್ಷದಿಂದ ಲೇಸರ್ ಟ್ಯೂಬು ಮತ್ತು ಚಿಲ್ಲರ್‌ನ ನಿರ್ವಹಣೆಗೆ ವರ್ಷಕ್ಕೆ 50,000 ರೂಪಾಯಿ ತಗಲುತ್ತದೆ. ಬಳ್ಳಾರಿಯ ಏಪ್ರಿಲ್, ಮೇ ಬಿಸಿಲಿನಲ್ಲಿ ಚಿಲ್ಲರ್ ಕೆಟ್ಟರೆ ಯಂತ್ರ ನಿಲ್ಲುತ್ತದೆ. ಆದ್ದರಿಂದ ಈ ಖರ್ಚನ್ನು ಕಡಿಮೆ ಹಿಡಿಯಬಾರದು. ಐದು ವರ್ಷದ ಕೊನೆಗೆ ಯಂತ್ರ 4,00,000 ರೂಪಾಯಿಗೆ ಮಾರಾಟವಾಗುತ್ತದೆ ಎಂದುಕೊಳ್ಳೋಣ.

ಇಷ್ಟನ್ನು ಕೇಳಿದ ತಮ್ಮ, "ಬಾಡಿಗೆ ಕಂತಿಗಿಂತ ಕಡಿಮೆ, ಸರ್ವಿಸೂ ಪುಕ್ಕಟೆ" ಎನ್ನುತ್ತಾನೆ. ಅಣ್ಣ, "ಕಂತು ತೀರಿದ ಮೇಲೆ ಯಂತ್ರ ನಮ್ಮದು" ಎನ್ನುತ್ತಾನೆ. ಇಬ್ಬರ ಮಾತೂ ನಿಜ. ಆದರೆ ತೆರಿಗೆಯನ್ನೂ ಕಾಲವನ್ನೂ ಲೆಕ್ಕಕ್ಕೆ ತರದ ಕಾರಣ ಎರಡೂ ಅರ್ಧ ನಿಜ.

ಮೊದಲು ಕರಾರನ್ನು ಓದಿ

ಲೀಸ್ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಲೀಸ್ ಆಗುವುದಿಲ್ಲ. ಅವಧಿ ಮುಗಿದ ಮೇಲೆ ಯಂತ್ರವನ್ನು ಹಿಂದಿರುಗಿಸಬೇಕೋ, ಅಥವಾ ನೂರೋ ಸಾವಿರವೋ ರೂಪಾಯಿ ಕೊಟ್ಟರೆ ಅದು ನಿಮ್ಮದಾಗುತ್ತದೆಯೋ ಎಂಬುದನ್ನು ನೋಡಿ. ಎರಡನೆಯದಾದರೆ ಅದು ಬೇರೆ ವೇಷದ ಕಂತಿನ ಖರೀದಿಯೆಂದು ತೆರಿಗೆ ಅಧಿಕಾರಿ ಪರಿಗಣಿಸುವ ಸಾಧ್ಯತೆ ಹೆಚ್ಚು. ಆಗ ಪೂರ್ತಿ ಬಾಡಿಗೆಯನ್ನು ಖರ್ಚೆಂದು ತೋರಿಸಲು ಬರುವುದಿಲ್ಲ. ಕೆಳಗಿನ ಲೆಕ್ಕವು ಯಂತ್ರವನ್ನು ಹಿಂದಿರುಗಿಸಲೇಬೇಕಾದ ನಿಜವಾದ ಲೀಸಿಗೆ ಅನ್ವಯಿಸುತ್ತದೆ. ನಡುವೆಯೇ ಬಿಟ್ಟುಕೊಟ್ಟರೆ ಎಷ್ಟು ತಿಂಗಳ ಬಾಡಿಗೆ ಕಟ್ಟಬೇಕು ಎಂಬ ಷರತ್ತನ್ನೂ ಇದೇ ಸಮಯದಲ್ಲಿ ಓದಿಕೊಳ್ಳಿ.

ಯಾವ ದರದಲ್ಲಿ ಇಂದಿನ ಬೆಲೆಗೆ ಇಳಿಸಬೇಕು

ಮುಂದಿನ ವರ್ಷ ಕೊಡುವ ನೂರು ರೂಪಾಯಿಯ ಹೊರೆ ಇಂದು ಕೊಡುವ ನೂರು ರೂಪಾಯಿಯಷ್ಟು ಭಾರವಲ್ಲ. ಆದ್ದರಿಂದ ಪ್ರತಿ ವರ್ಷದ ಮೊತ್ತವನ್ನು ಬಡ್ಡಿ ಕಳೆದು ಇಂದಿನ ಬೆಲೆಗೆ ಇಳಿಸಬೇಕು. ಇದಕ್ಕೆ ಬಳಸಬೇಕಾದದ್ದು ತೆರಿಗೆ ಕಳೆದ ಸಾಲದ ದರ. ಪಾಲುದಾರಿಕೆ ಸಂಸ್ಥೆಯ ತೆರಿಗೆ ಶೇ. 30, ಅದರ ಮೇಲೆ ಶೇ. 4ರ ಸೆಸ್ ಸೇರಿ ಶೇ. 31.2. ಆದಾಯ ಒಂದು ಕೋಟಿ ದಾಟಿದರೆ ಸರ್‌ಚಾರ್ಜ್ ಬೇರೆ. ನಮ್ಮ ಅಣ್ಣತಮ್ಮಂದಿರು ಅಷ್ಟು ದಾಟಿಲ್ಲ. ನೂರು ರೂಪಾಯಿ ಬಡ್ಡಿ ಕಟ್ಟಿದಾಗ ತೆರಿಗೆಯಲ್ಲಿ 31.20 ರೂಪಾಯಿ ಉಳಿಯುವುದರಿಂದ, ಶೇ. 11.5ರ ಸಾಲ ಅವರಿಗೆ ನಿಜವಾಗಿ ಬೀಳುವುದು 11.5 × 0.688, ಅಂದರೆ ಶೇ. 7.9 ಮಾತ್ರ. ಇದನ್ನು ಶೇ. 8 ಎಂದು ಹಿಡಿಯೋಣ.

ಇಲ್ಲಿ ಅನೇಕರು ಎಡವುವುದನ್ನು ಕಂಡಿದ್ದೇನೆ. "ನನ್ನ ವ್ಯಾಪಾರದಲ್ಲಿ ಹಣ ಶೇ. 15 ದುಡಿಯುತ್ತದೆ" ಎಂದು ಆ ದರವನ್ನೇ ಹಾಕುತ್ತಾರೆ. ಆದರೆ ಬಾಡಿಗೆಯು ವ್ಯಾಪಾರದ ಲಾಭದಂತೆ ಏರಿಳಿಯುವುದಿಲ್ಲ. ಜೀನ್ಸ್ ಮಾರಾಟವಾಗಲಿ, ಬಿಡಲಿ, ಸಾಲದ ಕಂತಿನಂತೆಯೇ ತಿಂಗಳು ತಿಂಗಳು ಕಟ್ಟಲೇಬೇಕಾದ ಹಣ ಅದು. ಲೀಸ್ ಎಂದರೆ ಸಾಲಕ್ಕೆ ಬದಲಾಗಿ ಬಂದ ಇನ್ನೊಂದು ಸಾಲ. ಅದನ್ನು ಅಳೆಯಬೇಕಾದದ್ದೂ ಸಾಲದ ಅಳತೆಗೋಲಿನಿಂದಲೇ. ದೊಡ್ಡ ದರ ಹಾಕಿದರೆ ಮುಂದೆ ಕೊಡುವ ಬಾಡಿಗೆಯೆಲ್ಲ ಕುಗ್ಗಿ, ಇಂದು ಕೊಡುವ ಬೆಲೆ ಮಾತ್ರ ಪೂರ್ತಿ ನಿಲ್ಲುತ್ತದೆ. ಇದರ ಪರಿಣಾಮ ಎಷ್ಟು ದೊಡ್ಡದೆಂಬುದನ್ನು ಕೊನೆಯಲ್ಲಿ ತೋರಿಸುತ್ತೇನೆ. ಮರುಮಾರಾಟದ ಬೆಲೆ ಮಾತ್ರ ಅನಿಶ್ಚಿತ. ಅದೊಂದಕ್ಕೆ ಹೆಚ್ಚಿನ ದರ ಹಾಕುವವರಿದ್ದಾರೆ. ನಾನು ದರವನ್ನು ಮುಟ್ಟದೆ ಬೆಲೆಯನ್ನೇ ಏರಿಸಿ ಇಳಿಸಿ ನೋಡುವುದನ್ನು ಮೆಚ್ಚುತ್ತೇನೆ.

ಖರೀದಿಯ ಕಡೆ ಕಂತನ್ನು ಬರೆಯಬಾರದು, ಬೆಲೆಯನ್ನು ಬರೆಯಬೇಕು. ಕಂತುಗಳಿಂದ ಬಡ್ಡಿಯ ಮೇಲಿನ ತೆರಿಗೆ ಉಳಿತಾಯ ಕಳೆದು, ತೆರಿಗೆ ಕಳೆದ ಅದೇ ದರದಲ್ಲಿ ಇಂದಿನ ಬೆಲೆಗೆ ಇಳಿಸಿದರೆ ಮತ್ತೆ 20,00,000 ರೂಪಾಯಿಯೇ ಬರುತ್ತದೆ. ಹಾಗಾಗಿ ಬೆಲೆ ಬರೆದರೆ ಸಾಲವನ್ನೂ ಬರೆದಂತೆಯೇ. ಎರಡನ್ನೂ ಬರೆದರೆ ಒಂದೇ ಖರ್ಚು ಎರಡು ಬಾರಿ ಬರುತ್ತದೆ.

ಬಾಡಿಗೆ ಮತ್ತು ತೆರಿಗೆ ಉಳಿತಾಯ ವರ್ಷವಿಡೀ ಹರಡಿಕೊಂಡು ಬರುತ್ತವೆ. ಮುಂಗಡ ತೆರಿಗೆಯನ್ನೂ ನಾಲ್ಕು ಕಂತಿನಲ್ಲೇ ಕಟ್ಟುತ್ತೇವೆ. ಆದ್ದರಿಂದ ಅವು ಆಯಾ ವರ್ಷದ ನಡುವೆ ಬಂದಂತೆ ಹಿಡಿಯುವುದು ಸರಿ. ಒಂದು ಮೊತ್ತವನ್ನು ಇಂದಿನ ಬೆಲೆಗೆ ಇಳಿಸಲು ಗುಣಿಸಬೇಕಾದ ಅಂಕಿಯೇ ಗುಣಕ. ಶೇ. 8ಕ್ಕೆ ಐದು ವರ್ಷಗಳ ಗುಣಕಗಳು 0.962, 0.891, 0.825, 0.764, 0.707; ಒಟ್ಟು 4.149. ಐದನೆಯ ವರ್ಷದ ಕೊನೆಯ ದಿನದ ಹಣಕ್ಕೆ ಗುಣಕ 0.681.

ಲೀಸಿನ ಲೆಕ್ಕ

ಇದು ಸುಲಭ. ವರ್ಷದ ಬಾಡಿಗೆ 5,16,000 ರೂಪಾಯಿ. ಅದು ಪೂರ್ತಿ ಖರ್ಚಾಗಿ ಹೋಗುವುದರಿಂದ ತೆರಿಗೆಯಲ್ಲಿ 1,60,992 ರೂಪಾಯಿ ಉಳಿದು, ಕೈಯಿಂದ ಹೋಗುವುದು 3,55,008 ರೂಪಾಯಿ. ಇದನ್ನು 4.149ರಿಂದ ಗುಣಿಸಿದರೆ ಇಂದಿನ ಬೆಲೆಯಲ್ಲಿ ಲೀಸಿನ ಖರ್ಚು ಸುಮಾರು 14,72,900 ರೂಪಾಯಿ.

ಖರೀದಿಯ ಲೆಕ್ಕ

ಖರೀದಿಯಲ್ಲಿ ತೆರಿಗೆ ಉಳಿಸುವುದು ಸವಕಳಿ, ಅಂದರೆ ಯಂತ್ರದ ಬೆಲೆಯಲ್ಲಿ ಪ್ರತಿ ವರ್ಷ ಖರ್ಚೆಂದು ತೋರಿಸಬಹುದಾದ ಭಾಗ. ಯಂತ್ರಕ್ಕೆ ಸಾಮಾನ್ಯ ಸವಕಳಿ ವರ್ಷಕ್ಕೆ ಶೇ. 15, ಅದೂ ಹಿಂದಿನ ವರ್ಷ ಉಳಿದ ಮೊತ್ತದ ಮೇಲೆ. ತಯಾರಿಕೆ ಮಾಡುವವರು ಹೊಸ ಯಂತ್ರ ಕೊಂಡರೆ ಮೊದಲ ವರ್ಷ ಶೇ. 20ರ ಹೆಚ್ಚುವರಿ ಸವಕಳಿಯೂ ಸಿಗುತ್ತದೆ. ಕಡಿಮೆ ದರದ ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ಕಂಪನಿಗೂ ವ್ಯಕ್ತಿಗೂ ಈ ಹೆಚ್ಚುವರಿ ಸವಕಳಿ ಇಲ್ಲ. ಪಾಲುದಾರಿಕೆ ಸಂಸ್ಥೆಗೆ ಅಂಥ ಪದ್ಧತಿಯೇ ಇಲ್ಲದ್ದರಿಂದ ಅದಕ್ಕೆ ಸಿಗುತ್ತದೆ. ಹಳೆಯ ಯಂತ್ರ ಕೊಂಡರೆ ಯಾರಿಗೂ ಸಿಗುವುದಿಲ್ಲ.

| ವರ್ಷ | ಸವಕಳಿ (ರೂ.) | ಉಳಿದ ತೆರಿಗೆ (ರೂ.) | ಇಂದಿನ ಬೆಲೆ (ರೂ.) |
|---|---|---|---|
| 1 | 7,00,000 | 2,18,400 | 2,10,100 |
| 2 | 1,95,000 | 60,840 | 54,200 |
| 3 | 1,65,750 | 51,714 | 42,700 |
| 4 | 1,40,888 | 43,957 | 33,600 |
| 5 | 1,19,754 | 37,363 | 26,400 |

ಕೊನೆಯ ಕಾಲಂನ ಒಟ್ಟು 3,67,000 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ವರ್ಷದಲ್ಲೇ ಬಂದಿದೆ ಎಂಬುದನ್ನು ಗಮನಿಸಿ. ನಿರ್ವಹಣೆಯ 50,000 ರೂಪಾಯಿ ತೆರಿಗೆ ಕಳೆದು 34,400 ಆಗುತ್ತದೆ. ನಾಲ್ಕು ವರ್ಷಕ್ಕೆ ಇಂದಿನ ಬೆಲೆ 1,09,600. ಮರುಮಾರಾಟದ 4,00,000 ರೂಪಾಯಿಯ ಇಂದಿನ ಬೆಲೆ 2,72,400.

ಇನ್ನೊಂದು ಅಂಶ ಉಳಿದಿದೆ. ಹೊರದೇಶದ ಪಠ್ಯಪುಸ್ತಕ ನೋಡಿ ಲೆಕ್ಕ ಹಾಕುವವರು ತಪ್ಪುವುದು ಇಲ್ಲಿಯೇ. ಐದನೆಯ ವರ್ಷದ ಕೊನೆಗೆ ಪುಸ್ತಕದಲ್ಲಿ ಯಂತ್ರದ ಮೊತ್ತ 6,78,608 ರೂಪಾಯಿ, ಮಾರಿದ್ದು 4,00,000ಕ್ಕೆ. ಉಳಿದ 2,78,608 ರೂಪಾಯಿಯನ್ನು ನಷ್ಟವೆಂದು ಆ ವರ್ಷವೇ ತೋರಿಸಿ ತೆರಿಗೆ ಉಳಿಸಬಹುದೆಂದು ಆ ಪುಸ್ತಕಗಳು ಹೇಳುತ್ತವೆ. ನಮ್ಮಲ್ಲಿ ಹಾಗಿಲ್ಲ. ಒಂದೇ ಸವಕಳಿ ದರದ ಯಂತ್ರಗಳೆಲ್ಲ ಒಂದು ಬ್ಲಾಕ್‌ಗೆ ಸೇರುತ್ತವೆ. ಮಾರಿದ ಹಣವನ್ನು ಬ್ಲಾಕ್‌ನಿಂದ ಕಳೆಯುತ್ತೇವೆ. ಹೊಲಿಗೆ ಯಂತ್ರ, ವಾಷಿಂಗ್ ಯಂತ್ರಗಳು ಅದರಲ್ಲಿ ಇನ್ನೂ ಇರುವವರೆಗೆ ಉಳಿದ ಮೊತ್ತ ಅಲ್ಲೇ ನಿಂತು ವರ್ಷಕ್ಕೆ ಶೇ. 15ರಂತೆ ಕರಗುತ್ತಾ ಹೋಗುತ್ತದೆ. ಹೀಗೆ ಮುಗಿಯದೆ ಕರಗುವ ಮೊತ್ತದ ತೆರಿಗೆ ಉಳಿತಾಯವನ್ನು ಒಂದೇ ಗುಣಾಕಾರದಲ್ಲಿ ಕಂಡುಕೊಳ್ಳಬಹುದು. ತೆರಿಗೆ ದರವನ್ನು ಸವಕಳಿ ದರದಿಂದ ಗುಣಿಸಿ, ಸವಕಳಿ ದರ ಮತ್ತು ಬಡ್ಡಿ ದರಗಳ ಮೊತ್ತದಿಂದ ಭಾಗಿಸಬೇಕು.

```
278608 * 0.312 * 0.15 / (0.15 + 0.08) = 56690
```

ಈ ಸೂತ್ರ ಮೊದಲ ಉಳಿತಾಯಕ್ಕೆ ಒಂದು ವರ್ಷ ಹಿಂದಿನ ಬೆಲೆಯನ್ನು ಕೊಡುತ್ತದೆ. ಆರನೆಯ ವರ್ಷದ ಉಳಿತಾಯ ಆ ವರ್ಷದ ನಡುವೆ ಬರುವುದರಿಂದ, 56,690ನ್ನು ಐದನೆಯ ವರ್ಷದ ಗುಣಕವಾದ 0.707ರಿಂದ ಗುಣಿಸಬೇಕು, ಸುಮಾರು 40,100 ರೂಪಾಯಿ ಬರುತ್ತದೆ.

ಈಗ ಕೂಡಿ ಕಳೆಯೋಣ. 20,00,000 ರೂಪಾಯಿಗೆ ನಿರ್ವಹಣೆಯ 1,09,600 ಸೇರಿಸಿ, ಸವಕಳಿಯ 3,67,000, ಮಾರಾಟದ 2,72,400 ಮತ್ತು ಬ್ಲಾಕ್‌ನ 40,100 ಕಳೆದರೆ ಖರೀದಿಯ ಖರ್ಚು 14,30,100 ರೂಪಾಯಿ. ಲೀಸಿಗಿಂತ 42,800 ರೂಪಾಯಿ ಕಡಿಮೆ.

ಸ್ಪ್ರೆಡ್‌ಶೀಟಿನಲ್ಲಿ ಮಾಡುವವರು ಪ್ರತಿ ವರ್ಷದ ನಿವ್ವಳ ಮೊತ್ತವನ್ನು `B5`ರಿಂದ `F5`ರವರೆಗೆ ಬರೆದು ಹೀಗೆ ಕೇಳಬಹುದು:

```
=-2000000+NPV(8%,B5:F5)*(1+8%)^0.5
```

`NPV` ಸೂತ್ರವು ಆವರಣದೊಳಗಿನ ಮೊದಲ ಮೊತ್ತವನ್ನೇ ಒಂದು ವರ್ಷದ ನಂತರದ್ದೆಂದು ಹಿಡಿಯುತ್ತದೆ. ಯಂತ್ರದ ಬೆಲೆಯನ್ನೂ ಒಳಗೆ ಸೇರಿಸಿಬಿಟ್ಟರೆ 20 ಲಕ್ಷವೂ ಒಂದು ವರ್ಷ ಮುಂದೆ ಹೋಗಿ, ಖರೀದಿ ಇರುವುದಕ್ಕಿಂತ ಅಗ್ಗವಾಗಿ ಕಾಣುತ್ತದೆ. ಮಾರಾಟದ ಹಣವನ್ನೂ ಬ್ಲಾಕ್‌ನ ಉಳಿತಾಯವನ್ನೂ ಹೊರಗೆ ಪ್ರತ್ಯೇಕವಾಗಿ ಕೂಡಿಸಿ, ಏಕೆಂದರೆ ಅವು ಬರುವ ಕಾಲ ಬೇರೆ.

42,800 ಎಷ್ಟು ಗಟ್ಟಿ

ಇಪ್ಪತ್ತು ಲಕ್ಷದ ಯಂತ್ರದಲ್ಲಿ ಇದು ದೊಡ್ಡ ಅಂತರವಲ್ಲ. ಯಾವ ಊಹೆ ಅಲುಗಿದರೆ ಇದು ಬೀಳುತ್ತದೆ ಎಂದು ನೋಡಲೇಬೇಕು.

ಮೊದಲನೆಯದು ಮರುಮಾರಾಟದ ಬೆಲೆ. ಅದರಲ್ಲಿ ಒಂದು ಲಕ್ಷ ಕಡಿಮೆಯಾದರೆ ಇಂದಿನ ಬೆಲೆಯಲ್ಲಿ 68,100 ಹೋಗುತ್ತದೆ. ಆದರೆ ಬ್ಲಾಕ್‌ನಲ್ಲಿ ಅಷ್ಟು ಹೆಚ್ಚು ಉಳಿಯುವುದರಿಂದ 14,400ರಷ್ಟು ಹಿಂದಕ್ಕೆ ಬಂದು, ನಿಜವಾದ ನಷ್ಟ 53,700 ರೂಪಾಯಿ. ಆ ಲೆಕ್ಕದಲ್ಲಿ ಯಂತ್ರ 3,20,000 ರೂಪಾಯಿಗಿಂತ ಕಡಿಮೆಗೆ ಹೋದರೆ ಲೀಸೇ ಅಗ್ಗ. ಹಾಗಾಗಿ ಹಳೆಯ ಯಂತ್ರ ಮಾರುವ ವ್ಯಾಪಾರಿಯನ್ನು "ಐದು ವರ್ಷದ ನಂತರ ಎಷ್ಟು ಬರಬಹುದು" ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಧಾರಾಳವಾಗಿ ಉತ್ತರಿಸುತ್ತಾರೆ. "ಐದು ವರ್ಷ ಓಡಿದ ಇಂಥದೇ ಯಂತ್ರವನ್ನು ಇವತ್ತು ತಂದರೆ ಎಷ್ಟು ಕೊಡುತ್ತೀರಿ" ಎಂದು ಕೇಳಿ. ಹೊಸ ಯಂತ್ರಗಳ ಬೆಲೆ ಇಳಿಯುತ್ತಿದ್ದರೆ ಅದಕ್ಕಿಂತಲೂ ಕಡಿಮೆ ಹಿಡಿಯಿರಿ.

ಎರಡನೆಯದು ಜಿಎಸ್‌ಟಿ. ಯಂತ್ರದ ಮೇಲೆ ಶೇ. 18ರಂತೆ 3,60,000 ರೂಪಾಯಿ, ಬಾಡಿಗೆಯ ಮೇಲೂ ಅದೇ ದರದಲ್ಲಿ ತಿಂಗಳಿಗೆ 7,740 ರೂಪಾಯಿ. ಎರಡಕ್ಕೂ ಇನ್‌ಪುಟ್ ಕ್ರೆಡಿಟ್ ಇರುವುದರಿಂದ, ಅಂದರೆ ಕೊಟ್ಟ ಜಿಎಸ್‌ಟಿಯನ್ನು ನಾವು ವಸೂಲು ಮಾಡಿ ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದಾದ್ದರಿಂದ, ನಾನು ಇದುವರೆಗೆ ಅವನ್ನು ಬಿಟ್ಟಿದ್ದೆ. ಆದರೆ ಜಾಬ್‌ವರ್ಕ್ ಮಾಡುವ ಘಟಕ ತಾನು ವಸೂಲು ಮಾಡುವುದು ಶೇ. 5ರ ತೆರಿಗೆ ಮಾತ್ರ; 3,60,000 ರೂಪಾಯಿಯ ಕ್ರೆಡಿಟ್ ತೀರಲು ಕಾಲ ಹಿಡಿಯುತ್ತದೆ. ಒಳಬರುವ ತೆರಿಗೆ ಹೆಚ್ಚು, ಹೊರಹೋಗುವ ತೆರಿಗೆ ಕಡಿಮೆ ಎಂಬ ಕಾರಣಕ್ಕೆ ಕೊಡುವ ಮರುಪಾವತಿಯಲ್ಲಿ ಯಂತ್ರದ ಮೇಲಿನ ತೆರಿಗೆ ಸೇರುವುದಿಲ್ಲ. ಕ್ರೆಡಿಟ್ ತೀರಲು ಮೂರು ವರ್ಷ ಬೇಕಾದರೆ, ವರ್ಷಕ್ಕೆ 1,20,000ದಂತೆ ಇಂದಿನ ಬೆಲೆ 3,21,400. ಅಂದರೆ 38,600 ರೂಪಾಯಿ ಸದ್ದಿಲ್ಲದೆ ಕರಗಿ, ಖರೀದಿಯ ಲಾಭ 4,200ಕ್ಕೆ ಇಳಿಯುತ್ತದೆ. ನಾಲ್ಕು ವರ್ಷವಾದರೆ ಲೀಸೇ ಅಗ್ಗ. ಬಾಡಿಗೆಯ 7,740 ರೂಪಾಯಿಯಾದರೋ ಹೆಚ್ಚಿನ ಘಟಕಗಳಲ್ಲಿ ಆಯಾ ತಿಂಗಳೇ ಹೊಂದಿಕೆಯಾಗುತ್ತದೆ. ನಿಮ್ಮ ಕಳೆದ ಹನ್ನೆರಡು ತಿಂಗಳ ರಿಟರ್ನ್‌ಗಳನ್ನು ತೆಗೆದು, ಕ್ರೆಡಿಟ್ ಹೊಂದಿಸಿದ ಮೇಲೂ ತಿಂಗಳಿಗೆ ಎಷ್ಟು ನಗದು ಕಟ್ಟಿದ್ದೀರಿ ಎಂದು ನೋಡಿ. 3,60,000ನ್ನು ಆ ಮೊತ್ತದಿಂದ ಭಾಗಿಸಿದರೆ ಎಷ್ಟು ತಿಂಗಳೆಂಬುದು ತಿಳಿಯುತ್ತದೆ. ಕ್ರೆಡಿಟ್ ಪಡೆದ ಜಿಎಸ್‌ಟಿಯನ್ನು ಯಂತ್ರದ ಬೆಲೆಗೆ ಸೇರಿಸಿ ಅದರ ಮೇಲೂ ಸವಕಳಿ ಕೇಳುವಂತಿಲ್ಲ.

ಮೂರನೆಯದು ದಿನಾಂಕ. ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಹೊಸ ಯಂತ್ರಕ್ಕೆ ಆ ವರ್ಷ ಅರ್ಧ ಸವಕಳಿ ಮಾತ್ರ. ಅಕ್ಟೋಬರ್ 3ರ ಒಳಗೆ ಯಂತ್ರ ಕೆಲಸ ಶುರು ಮಾಡಿರಬೇಕು ಎಂದು ನೆನಪಿಟ್ಟುಕೊಂಡರೆ ಸಾಕು. ಬಿಲ್ಲಿನ ದಿನಾಂಕ ಅಲ್ಲ, ಯಂತ್ರ ಓಡಿದ ದಿನಾಂಕ. ನಮ್ಮ ಕಡೆ ಹೊಸ ಯಂತ್ರವನ್ನು ಆಯುಧ ಪೂಜೆಯ ದಿನ ಪೂಜಿಸಿ ಶುರು ಮಾಡುವ ರೂಢಿ ಇದೆ. 2025ರಲ್ಲಿ ಆಯುಧ ಪೂಜೆ ಅಕ್ಟೋಬರ್ 1ಕ್ಕೆ ಬಂದಿತ್ತು, ಏನೂ ತೊಂದರೆಯಿಲ್ಲ. 2024ರಲ್ಲಿ ಅದು ಅಕ್ಟೋಬರ್ 11; ಆ ದಿನಕ್ಕೆ ಕಾದವರಿಗೆ ಮೊದಲ ವರ್ಷ 7,00,000ದ ಬದಲು 3,50,000 ಸವಕಳಿ. ಉಳಿದ ಹೆಚ್ಚುವರಿ ಸವಕಳಿ ಮುಂದಿನ ವರ್ಷ ಸಿಗುತ್ತದೆ, ಸಾಮಾನ್ಯ ಸವಕಳಿಯೂ ತಡವಾಗಿ ಬರುತ್ತದೆ. ಹಾಗಾಗಿ ಇಂದಿನ ಬೆಲೆಯಲ್ಲಿ ನಷ್ಟ ಸುಮಾರು 17,000 ರೂಪಾಯಿ. ಯಂತ್ರವನ್ನು ಸೆಪ್ಟೆಂಬರಿನಲ್ಲೇ ಓಡಿಸಿ, ಪೂಜೆಯನ್ನು ಪೂಜೆಯ ದಿನವೇ ಮಾಡಿದರಾಯಿತು.

ಇನ್ನು ಶೇ. 8ರ ಬದಲು ಶೇ. 15 ಹಾಕಿದ್ದರೆ? ಅದೇ ಅಂಕಿಗಳಿಗೆ ಲೀಸಿನ ಖರ್ಚು 12,76,000, ಖರೀದಿಯದು 15,33,000. ಲೀಸ್ ಎರಡೂವರೆ ಲಕ್ಷಕ್ಕೂ ಹೆಚ್ಚು ಅಗ್ಗವೆಂದು ಕಾಣುತ್ತದೆ. ಲೀಸ್ ಕಂಪನಿಯವರು ತಂದು ತೋರಿಸುವ ಹಾಳೆಯಲ್ಲಿ ಯಾವ ದರ ಬರೆದಿದೆ ಎಂದು ಮೊದಲು ನೋಡುವುದು ಇದಕ್ಕಾಗಿಯೇ.

ತೆರಿಗೆ ಉಳಿತಾಯವೇ ಇಲ್ಲದವರ ಲೆಕ್ಕ

ಬಳ್ಳಾರಿಯಂಥ ಕಡೆ ಸಣ್ಣ ಘಟಕಗಳು ವಹಿವಾಟಿನ ಶೇ. 8, ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಶೇ. 6 ಲಾಭವೆಂದು ಅಂದಾಜು ತೋರಿಸುವ ಪದ್ಧತಿಯಲ್ಲಿ ಇರಬಹುದು. ಅಂಥವರಿಗೆ ಬಾಡಿಗೆಯಾಗಲಿ, ಸವಕಳಿಯಾಗಲಿ, ಬಡ್ಡಿಯಾಗಲಿ ಒಂದು ರೂಪಾಯಿಯ ತೆರಿಗೆಯನ್ನೂ ಇಳಿಸುವುದಿಲ್ಲ. ಆಗ ಮೇಲಿನ ಉಳಿತಾಯಗಳನ್ನೆಲ್ಲ ಅಳಿಸಿ, ಬಡ್ಡಿ ದರವನ್ನು ಶೇ. 11.5 ಎಂದೇ ಹಾಕಬೇಕು. ಅದೇ ಅಂಕಿಗಳಿಗೆ ಲೀಸ್ 19,88,700, ಖರೀದಿ 19,13,300. ಖರೀದಿಯೇ ಸುಮಾರು 75,000 ಅಗ್ಗ. ಕೆಲವು ವರ್ಷ ನಷ್ಟದಲ್ಲಿರುವ ಸಂಸ್ಥೆಯಲ್ಲಿ ಉಳಿತಾಯ ಅಳಿಯುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಉಳಿದ ಸವಕಳಿಯನ್ನು ಎಷ್ಟು ವರ್ಷ ಬೇಕಾದರೂ ಮುಂದಕ್ಕೆ ಒಯ್ಯಬಹುದು, ಬಾಡಿಗೆಯಿಂದಾದ ವ್ಯಾಪಾರದ ನಷ್ಟವನ್ನು ಎಂಟೇ ವರ್ಷ. ಅಂಥ ಸಂಸ್ಥೆ ಉಳಿತಾಯವನ್ನು ಅದು ನಿಜವಾಗಿ ಕೈಗೆ ಬರುವ ವರ್ಷದ ಗುಣಕದಿಂದ ಗುಣಿಸಬೇಕು.

ಲೀಸ್ ಕಂಪನಿಯ ಮುಂದೆ ಇಡುವ ಅಂಕಿ

ಈ ಲೆಕ್ಕದಿಂದ ಚೌಕಾಸಿಗೆ ಒಂದು ನಿರ್ದಿಷ್ಟ ಅಂಕಿಯೂ ಸಿಗುತ್ತದೆ. ತಿಂಗಳ ಬಾಡಿಗೆಯಲ್ಲಿ ಒಂದು ರೂಪಾಯಿ ಕಡಿಮೆಯಾದರೆ ಲೀಸಿನ ಇಂದಿನ ಬೆಲೆ 12 × 0.688 × 4.149, ಅಂದರೆ 34.25 ರೂಪಾಯಿ ಇಳಿಯುತ್ತದೆ. 42,800ನ್ನು ಅದರಿಂದ ಭಾಗಿಸಿದರೆ 1,250. ಜಿಎಸ್‌ಟಿ ಕ್ರೆಡಿಟ್ ಬೇಗ ತೀರುವ ಘಟಕವಾದರೆ ಬಾಡಿಗೆ 41,750 ರೂಪಾಯಿಗೆ ಇಳಿಯುವವರೆಗೆ ಅಣ್ಣನ ಮಾತೇ ಸರಿ; ಕ್ರೆಡಿಟ್ ಮೂರು ವರ್ಷ ಸಿಕ್ಕಿಕೊಳ್ಳುವ ಜಾಬ್‌ವರ್ಕ್ ಘಟಕವಾದರೆ ತಿಂಗಳಿಗೆ ನೂರಿಪ್ಪತ್ತೈದು ರೂಪಾಯಿ ಇಳಿಸಿಕೊಂಡರೂ ತಮ್ಮ ಗೆದ್ದ.